ಸರಳನ್ನು ಎಳೆಯುವವರು ಯಾರು? ಎರಡು ಹಳಿಗಳ ಮೇಲಿನ ಒಂದು ಹಳೆಯ ಲೆಕ್ಕ

ಎರಡು ತಾಮ್ರದ ಹಳಿಗಳು. ಅವುಗಳ ಮೇಲೆ ಅಡ್ಡಲಾಗಿ ಒಂದು ತಾಮ್ರದ ಸರಳು. ಹಳಿಗಳ ಒಂದು ತುದಿಯಲ್ಲಿ ಒಂದು ರೋಧಕ. ಇಡೀ ವ್ಯವಸ್ಥೆಯ ಮೂಲಕ ಮೇಲಿನಿಂದ ಕೆಳಕ್ಕೆ ಹಾಯುವ ಕಾಂತಕ್ಷೇತ್ರ. ಸರಳನ್ನು ಎಳೆದರೆ ವಿದ್ಯುತ್ ಹರಿಯುತ್ತದೆ. ಪ್ಲಸ್ ಟು ಪುಸ್ತಕದಲ್ಲಿ ಈ ಚಿತ್ರ ನೋಡದ ಮಕ್ಕಳಿಲ್ಲ.

ಬದಿಯಡ್ಕ, ಪೆರ್ಲ, ಕುಂಬಳೆ ಕಡೆಯ ಮಕ್ಕಳಿಗೆ ನಾನು ಸಂಜೆ ಹೊತ್ತು ಭೌತಶಾಸ್ತ್ರ ಹೇಳಿಕೊಡುತ್ತೇನೆ. ಪ್ರತಿ ವರ್ಷ ಈ ಚಿತ್ರದ ಹತ್ತಿರ ಬಂದಾಗ ಒಬ್ಬರಾದರೂ ಒಂದೇ ಪ್ರಶ್ನೆ ಕೇಳುತ್ತಾರೆ. "ಸರ್, ಕಾಂತಕ್ಷೇತ್ರ ಚಾರ್ಜ್ ಮೇಲೆ ಕೆಲಸವೇ ಮಾಡುವುದಿಲ್ಲ ಅಂತ ನಾಲ್ಕನೇ ಪಾಠದಲ್ಲಿ ಓದಿದ್ದೇವಲ್ಲ. ಆರನೇ ಪಾಠದಲ್ಲಿ ಅದೇ ಕ್ಷೇತ್ರ ಬಲ್ಬ್ ಉರಿಸೋದು ಹೇಗೆ?" ಪ್ರಶ್ನೆ ಸರಿಯಾಗಿಯೇ ಇದೆ. ಇದಕ್ಕೆ ಉತ್ತರ ಸಿಗುವುದಕ್ಕೆ ಹಿಂದೆ ಅರವತ್ತು ವರ್ಷದ ಮೇಲೆ ಹಿಡಿದಿದೆ.

ನಮ್ಮ ಕಡೆ ಗೊಂದಲಕ್ಕೆ ಇನ್ನೂ ಒಂದು ಕಾರಣ ಸೇರಿಕೊಂಡಿದೆ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿತು. ಕನ್ನಡ ಶಾಲೆಗಳು ಉಳಿದವು. ಹತ್ತನೇ ತನಕ ಕನ್ನಡದಲ್ಲಿ ಓದಿದ ಮಕ್ಕಳು ಪ್ಲಸ್ ಟುನಲ್ಲಿ ಇಂಗ್ಲಿಷಿಗೆ ಹೋಗುತ್ತಾರೆ. ಅಲ್ಲಿ 'ಇಎಂಎಫ್' ಅಂದದ್ದು ಇಲ್ಲಿ 'ವಿದ್ಯುಚ್ಚಾಲಕ ಬಲ'. ಬಲ ಅಂದ ಕೂಡಲೇ ಮಗುವಿನ ತಲೆಗೆ ಬರುವುದು ನ್ಯೂಟನ್. ಆದರೆ ಇದು ಬಲವೇ ಅಲ್ಲ. ಇದನ್ನು ಅಳೆಯುವುದು ವೋಲ್ಟಿನಲ್ಲಿ. ಒಂದು ಕೂಲಂಬ್ ಚಾರ್ಜ್ ಸುತ್ತು ಹೊಡೆದು ಬರುವಾಗ ಅದಕ್ಕೆ ಎಷ್ಟು ಜೂಲ್ ಸಿಕ್ಕಿತು ಅನ್ನುವ ಲೆಕ್ಕ ಅದು. ತಪ್ಪು ಕನ್ನಡದ್ದಲ್ಲ. ಯುರೋಪಿನಲ್ಲಿ ಬಲ ಯಾವುದು, ಶಕ್ತಿ ಯಾವುದು ಎಂದು ಬೇರ್ಪಡಿಸುವ ಮೊದಲೇ ಇಟ್ಟ ಹೆಸರು. ನಾವು ಅದನ್ನು ಹಾಗೆಯೇ ತಂದೆವು. ಈಗ ಹಳಿಯ ಲೆಕ್ಕದಲ್ಲಿ ಎರಡು 'ಬಲ'ಗಳು ಒಟ್ಟಿಗೆ ಬಂದು ಕೂರುತ್ತವೆ. ಒಂದು ನಿಜವಾದ ಬಲ, ಇನ್ನೊಂದು ಹೆಸರಿಗೆ ಮಾತ್ರ.

ಮೊದಲ ಹತ್ತು ವರ್ಷದ ಕತೆ ಬೇಗ ಹೇಳಿ ಮುಗಿಸಬಹುದು. ವಿದ್ಯುತ್ ಹರಿಯುವ ತಂತಿ ದಿಕ್ಸೂಚಿಯ ಮುಳ್ಳನ್ನು ತಿರುಗಿಸುತ್ತದೆ ಎಂದು 1820ರಲ್ಲಿ ಅರ್ಸ್ಟೆಡ್ ಕಂಡರು. 1831ರ ಆಗಸ್ಟಿನಲ್ಲಿ ಫ್ಯಾರಡೆ ಅದರ ತಿರುವುಮುರುವನ್ನು, ಅಂದರೆ ಕಾಂತದಿಂದ ವಿದ್ಯುತ್ ಹುಟ್ಟುವುದನ್ನು, ಕಂಡರು. ಅದೇ ಅಕ್ಟೋಬರ್ 28ಕ್ಕೆ ದೊಡ್ಡ ಅಯಸ್ಕಾಂತದ ಧ್ರುವಗಳ ನಡುವೆ ತಾಮ್ರದ ತಟ್ಟೆಯೊಂದನ್ನು ತಿರುಗಿಸಿ ಒಂದೇ ಸಮನೆ ಹರಿಯುವ ವಿದ್ಯುತ್ ಪಡೆದರು. ಆ ತಟ್ಟೆಯ ಪ್ರತಿ ತ್ರಿಜ್ಯವೂ ಒಂದು ಸರಳೇ. ತಟ್ಟೆಯ ಅಂಚಿಗೂ ನಡುವಿನ ಅಚ್ಚಿಗೂ ಒತ್ತಿ ಹಿಡಿದ ತುಂಡುಗಳೇ ಹಳಿಗಳು. ಹುಟ್ಟಿದ ವಿದ್ಯುತ್ತು ತನ್ನನ್ನು ಹುಟ್ಟಿಸಿದ ಚಲನೆಗೇ ಅಡ್ಡ ಬರುತ್ತದೆ ಎಂಬ ನಿಯಮವನ್ನು ಲೆಂಜ್ ಕೆಲವೇ ವರ್ಷಗಳಲ್ಲಿ ಕೊಟ್ಟರು.

ದಿಕ್ಕು ಗೊತ್ತಾಯಿತು. ಎಷ್ಟು ಅಡ್ಡ ಬರುತ್ತದೆ, ಅದಕ್ಕೆ ಬೆಲೆ ಕೊಡುವವರು ಯಾರು ಅನ್ನುವುದು ಮಾತ್ರ ಹಾಗೇ ಉಳಿಯಿತು. ಅದನ್ನು ಕೈಗೆತ್ತಿಕೊಂಡವರು ಜೇಮ್ಸ್ ಜೂಲ್. ಮ್ಯಾಂಚೆಸ್ಟರ್ ಪಕ್ಕದ ಸಾಲ್ಫರ್ಡಿನಲ್ಲಿ ಬಿಯರ್ ತಯಾರಿಸುವ ಮನೆಯ ಹುಡುಗ. 1843ರಲ್ಲಿ ಅವರಿಗೆ 24 ವರ್ಷ. ಕರೆಂಟ್ I, ರೋಧ R ಆದರೆ ತಂತಿ ಬಿಸಿಯಾಗುವ ಲೆಕ್ಕ I²R ಎಂದು ಅದಾಗಲೇ ತೋರಿಸಿದ್ದರು. ಈ ಸಲ ಸಣ್ಣ ಸುರುಳಿಯೊಂದನ್ನು ನೀರು ತುಂಬಿದ ಗಾಜಿನ ಕೊಳವೆಯೊಳಗೆ ಇಟ್ಟು, ಕೊಳವೆಯನ್ನೇ ದೊಡ್ಡ ವಿದ್ಯುತ್ಕಾಂತದ ಧ್ರುವಗಳ ನಡುವೆ ಗರಗರ ತಿರುಗಿಸಿದರು. ಸುರುಳಿಯಲ್ಲಿ ವಿದ್ಯುತ್ ಹುಟ್ಟಿತು, ಸುರುಳಿ ಬಿಸಿಯಾಯಿತು. ನೀರು ಎಷ್ಟು ಬಿಸಿಯಾಯಿತೆಂದು ಥರ್ಮಾಮೀಟರ್ ಹೇಳಿತು.

ಅವರು ಮಾಡಿದ ಮುಖ್ಯ ಕೆಲಸ ಮುಂದಿನದು. ಯಂತ್ರವನ್ನು ಕೈಯಿಂದ ತಿರುಗಿಸುವ ಬದಲು ದಾರಕ್ಕೆ ತೂಕ ಕಟ್ಟಿ ಇಳಿಬಿಟ್ಟರು. ವಿದ್ಯುತ್ಕಾಂತ ಬಂದ್ ಆಗಿದ್ದಾಗ ಒಂದು ವೇಗಕ್ಕೆ ಎಷ್ಟು ತೂಕ ಬೇಕು ನೋಡಿದರು. ಅದು ಬರೀ ಉಜ್ಜುವಿಕೆಗೆ ಹೋಗುವ ಪಾಲು. ಚಾಲೂ ಇದ್ದಾಗ ಅದೇ ವೇಗಕ್ಕೆ ಎಷ್ಟು ಬೇಕು ನೋಡಿದರು. ಎರಡರ ವ್ಯತ್ಯಾಸವೇ ವಿದ್ಯುತ್ತಿಗೆ ಕೊಟ್ಟ ಬೆಲೆ. ಒಂದು ಪೌಂಡ್ ನೀರು ಒಂದು ಫ್ಯಾರನ್‌ಹೀಟ್ ಡಿಗ್ರಿ ಬಿಸಿಯಾಗಲು 838 ಪೌಂಡ್ ತೂಕ ಒಂದು ಅಡಿ ಇಳಿಯಬೇಕು ಎಂದು ಆ ಆಗಸ್ಟಿನಲ್ಲಿ ಐರ್ಲೆಂಡಿನ ಕಾರ್ಕ್ ಊರಿನಲ್ಲಿ ನಡೆದ ವಿಜ್ಞಾನಿಗಳ ಸಭೆಯಲ್ಲಿ ಹೇಳಿದರು. ಇವತ್ತಿನ ಲೆಕ್ಕ ಸುಮಾರು 778. ಆ ಕಾಲದ ಸಲಕರಣೆಯಲ್ಲಿ ಇಷ್ಟು ಹತ್ತಿರ ಬಂದದ್ದು ನನಗೆ ಇವತ್ತಿಗೂ ಬೆರಗು. ತೂಕ ಇಳಿಯಿತು, ನೀರು ಬಿಸಿಯಾಯಿತು, ನಡುವೆ ವಿದ್ಯುತ್ ಹಾದುಹೋಯಿತು. ಅಯಸ್ಕಾಂತ ತನ್ನ ಗಂಟಿನಿಂದ ಏನೂ ಕೊಡಲಿಲ್ಲ.

ಮುಂದೆ 1873ರಲ್ಲಿ ಮ್ಯಾಕ್ಸ್‌ವೆಲ್ ತಮ್ಮ ದೊಡ್ಡ ಗ್ರಂಥದಲ್ಲಿ ಹಳಿಗಳ ಮೇಲೆ ಜಾರುವ ತುಂಡಿನ ಲೆಕ್ಕ ಮಾಡಿದರು. ಜೂಲ್ ಅವರ ಸುತ್ತುವ ಯಂತ್ರ ಹೀಗೆ ನೇರ ಗೆರೆಯಾಗಿ ಬಿಡಿಸಿಕೊಂಡಿತು. ನಮ್ಮ ಪುಸ್ತಕದ ಚಿತ್ರಕ್ಕೂ ಅದಕ್ಕೂ ಹೆಚ್ಚು ದೂರವಿಲ್ಲ.

ಈಗ ಅಂಕಿ ಹಾಕಿ ನೋಡೋಣ. ಕ್ಷೇತ್ರ B 0.5 ಟೆಸ್ಲಾ. ಹಳಿಗಳ ನಡುವಿನ ಅಂತರ l 0.2 ಮೀಟರ್. ಸರಳಿನ ವೇಗ v ಸೆಕೆಂಡಿಗೆ 2 ಮೀಟರ್. ಒಟ್ಟು ರೋಧ R 0.5 ಓಂ. ಸರಳು ಪ್ರತಿ ಸೆಕೆಂಡಿಗೆ 0.4 ಚದರ ಮೀಟರ್ ಜಾಗ ದಾಟುತ್ತದೆ. ಅದನ್ನು B ಯಿಂದ ಗುಣಿಸಿದರೆ ಇಎಂಎಫ್ ಬರುತ್ತದೆ:

```
ε = B l v     = 0.2 V
I = ε / R     = 0.4 A
F = B I l     = 0.04 N
F v           = 0.08 W
I² R          = 0.08 W
```

ಕೊನೆಯ ಎರಡು ಸಾಲು ನೋಡಿ. ಮೇಲಿನದು ಕೈ ಕೊಟ್ಟದ್ದು, ಕೆಳಗಿನದು ರೋಧಕದಲ್ಲಿ ಬಿಸಿಯಾಗಿ ಹೋದದ್ದು. ಎರಡೂ ಒಂದೇ. ವೇಗ ಎರಡು ಪಟ್ಟು ಮಾಡಿದರೆ ಇಎಂಎಫ್ ಎರಡು ಪಟ್ಟು, ಕರೆಂಟ್ ಎರಡು ಪಟ್ಟು, ಎಳೆಯಬೇಕಾದ ಬಲವೂ ಎರಡು ಪಟ್ಟು. ಆದರೆ ಪವರ್ ನಾಲ್ಕು ಪಟ್ಟು, 0.32 ವ್ಯಾಟ್. ಮಕ್ಕಳು ಜಾಸ್ತಿ ತಪ್ಪುವುದು ಇಲ್ಲೇ. ಇನ್ನೊಂದು ಮಾತು. ಒಂದೇ ವೇಗದಲ್ಲಿ ಹೋಗುವ ಸರಳಿಗೆ ಹೊರಗಿನಿಂದ ಬಲ ಯಾಕೆ ಬೇಕು ಎಂದು ಕೇಳುವವರಿದ್ದಾರೆ. ಹಿಂದಕ್ಕೆ ಎಳೆಯುವ BIl ಇದೆಯಲ್ಲ, ಅದನ್ನು ಸರಿದೂಗಿಸಲು ಬೇಕು. ಕೈ ಬಿಟ್ಟರೆ ಸರಳು ನಿಧಾನವಾಗುತ್ತಾ ಬಂದು ತನ್ನ ಚಲನೆಯ ಶಕ್ತಿಯನ್ನೆಲ್ಲ ರೋಧಕಕ್ಕೆ ಸುರಿದು ನಿಲ್ಲುತ್ತದೆ.

ಹಾಗಾದರೆ ಮಗುವಿನ ಪ್ರಶ್ನೆ? ಅದಕ್ಕೆ ಉತ್ತರ ಕೊಡಲು ಸರಳಿನ ಒಳಗಿನ ಒಂದೇ ಚಾರ್ಜನ್ನು ಹಿಡಿಯಬೇಕು. ಚಲಿಸುವ ಚಾರ್ಜಿನ ಮೇಲೆ ಎಷ್ಟು ಬಲ ಬೀಳುತ್ತದೆ ಎಂಬ ಸ್ಪಷ್ಟ ಲೆಕ್ಕ ಹತ್ತೊಂಬತ್ತನೇ ಶತಮಾನದ ಕೊನೆಗೆ, ಲೊರೆಂಟ್ಜ್ ಕಾಲಕ್ಕೆ ಬಂತು. ಚಾರ್ಜ್ ಸರಳಿನ ಜೊತೆ ಮುಂದೆ ಹೋಗುತ್ತಿದೆ. ಆದ್ದರಿಂದ ಕ್ಷೇತ್ರ ಅದನ್ನು ಸರಳಿನ ಉದ್ದಕ್ಕೆ ತಳ್ಳುತ್ತದೆ. ಚಾರ್ಜ್ ಉದ್ದಕ್ಕೆ ಸಾಗಲು ಶುರುಮಾಡಿದ ಕೂಡಲೇ, ಆ ಸಾಗುವಿಕೆಯ ಕಾರಣಕ್ಕೇ ಕ್ಷೇತ್ರ ಅದನ್ನು ಹಿಂದಕ್ಕೂ ತಳ್ಳುತ್ತದೆ. ಮೊದಲನೆಯ ತಳ್ಳು ಎಷ್ಟು ಶಕ್ತಿ ಕೊಡುತ್ತದೋ ಎರಡನೆಯದು ಅಷ್ಟನ್ನೇ ಕಸಿಯುತ್ತದೆ. ಒಟ್ಟು ಸೊನ್ನೆ. ನಾಲ್ಕನೇ ಪಾಠದ ಮಾತು ಸುಳ್ಳಾಗಲಿಲ್ಲ.

ಆದರೆ ಹಿಂದಕ್ಕೆ ತಳ್ಳಿಸಿಕೊಂಡ ಚಾರ್ಜ್ ಸರಳು ಬಿಟ್ಟು ಹೊರಗೆ ಹೋಗಲಾರದು. ಅದು ಸರಳಿಗೇ ಒರಗುತ್ತದೆ. ಸರಳು ಹಿಂದಕ್ಕೆ ಜಗ್ಗುತ್ತದೆ. ಆ ಜಗ್ಗು ನಮ್ಮ ಕೈಗೆ ಬರುತ್ತದೆ. ನಮ್ಮ ಮನೆಗಳ ಬಾವಿಯ ರಾಟೆಯಂತೆ ಇದು. ಹಗ್ಗ ಕೆಳಗೆ ಎಳೆದರೆ ಕೊಡ ಮೇಲೆ ಬರುತ್ತದೆ. ರಾಟೆ ಎಳೆತದ ದಿಕ್ಕು ತಿರುಗಿಸುತ್ತದೆ, ನೀರು ಸೇದುವುದು ಮಾತ್ರ ಎಳೆಯುವವರ ತೋಳು. ಕ್ಷೇತ್ರ ನಮ್ಮ ಮುಂದಿನ ಎಳೆತವನ್ನು ಸರಳಿನ ಉದ್ದಕ್ಕೆ ತಿರುಗಿಸಿ ಚಾರ್ಜಿಗೆ ದಾಟಿಸುತ್ತದೆ.

ಇಷ್ಟು ಹೇಳಿದರೂ ಮಕ್ಕಳು ಪೂರ್ತಿ ನಂಬುವುದಿಲ್ಲ. ನಂಬಬೇಕಾಗಿಯೂ ಇಲ್ಲ. ಒಮ್ಮೆ ನಾವೇ ಮಾಡಿ ನೋಡಿದೆವು. ಹಳೆಯ ಸ್ಪೀಕರುಗಳಿಂದ ತೆಗೆದ ಅಯಸ್ಕಾಂತಗಳನ್ನು ಸಾಲಾಗಿ ಇಟ್ಟು, ಐದು ಸೆಂಟಿಮೀಟರ್ ಅಂತರದಲ್ಲಿ ಎರಡು ತಾಮ್ರದ ಪಟ್ಟಿ ಜೋಡಿಸಿ, ಮೇಲೆ 6 ಮಿಲಿಮೀಟರ್ ದಪ್ಪದ ತಾಮ್ರದ ಸರಳು ಹಾಕಿ ಎಳೆದೆವು. ಕೈಗೆ ಏನೂ ಗೊತ್ತಾಗಲಿಲ್ಲ. ತಂತಿ ಜೋಡಿಸಿದರೂ ಅಷ್ಟೇ, ಬಿಚ್ಚಿದರೂ ಅಷ್ಟೇ. ಹುಡುಗಿಯೊಬ್ಬಳ ಮುಖ ಬಾಡಿತು.

ಯಾಕೆ ಹೀಗೆ? ಅಲ್ಲಿ ಕ್ಷೇತ್ರ ಹೆಚ್ಚೆಂದರೆ 0.1 ಟೆಸ್ಲಾ. ಕೈ ಸೆಕೆಂಡಿಗೆ ಅರ್ಧ ಮೀಟರ್ ಎಳೆದರೆ ಇಎಂಎಫ್ 2.5 ಮಿಲಿವೋಲ್ಟ್. ಸರಳು ಹಳಿಯನ್ನು ಮುಟ್ಟುವ ಜಾಗದ ರೋಧವೂ ಸೇರಿ R 0.05 ಓಂ ಇರಲಿ. ಕರೆಂಟ್ 50 ಮಿಲಿಆಂಪಿಯರ್. ಹಿಂದಕ್ಕೆ ಎಳೆಯುವ ಬಲ 0.00025 ನ್ಯೂಟನ್. ಸರಳಿನ ತೂಕ 25 ಗ್ರಾಂ. ತಾಮ್ರದ ಮೇಲೆ ತಾಮ್ರ ಉಜ್ಜುವಾಗ ಆಗುವ ತಡೆ ಸುಮಾರು 0.075 ನ್ಯೂಟನ್. ಹುಡುಕುತ್ತಿರುವ ಬಲಕ್ಕಿಂತ ಇದು 300 ಪಟ್ಟು ಜಾಸ್ತಿ. ಪುಸ್ತಕ 'ನುಣುಪಾದ ಹಳಿ' ಎಂದು ಒಂದೇ ಮಾತಲ್ಲಿ ಬರೆದು ಮುಂದೆ ಹೋಗುತ್ತದೆ. ಆ ಒಂದು ಮಾತಿನ ಹಿಂದೆ ಇಷ್ಟು ಅಡಗಿದೆ.

ವೋಲ್ಟೇಜ್ ನೋಡುವುದಕ್ಕೂ ಉಪಾಯ ಬೇಕು. 20 ಸೆಂಟಿಮೀಟರ್ ಉದ್ದದ ಅಯಸ್ಕಾಂತದ ಸಾಲನ್ನು ಸರಳು 0.4 ಸೆಕೆಂಡಿನಲ್ಲಿ ದಾಟುತ್ತದೆ. ಅಂಗಡಿಯ ಡಿಜಿಟಲ್ ಮಲ್ಟಿಮೀಟರ್ ಸೆಕೆಂಡಿಗೆ ಎರಡು ಮೂರು ಸಲ ಮಾತ್ರ ಅಂಕಿ ಬದಲಿಸುತ್ತದೆ. ಹಾಗಾಗಿ ಅದರ ಕಣ್ಣು ತಪ್ಪುತ್ತದೆ. ಮುಳ್ಳಿನ ಗ್ಯಾಲ್ವನೋಮೀಟರ್ ಇಟ್ಟೆವು, ಮುಳ್ಳು ಹಾರಿತು. ಅದು ನಿಜವೋ, ಸುಮ್ನೆ ಸಂಪರ್ಕ ಅಲುಗಾಡಿದ್ದೋ? ಎಳೆಯುವ ದಿಕ್ಕು ಬದಲಿಸಿ ನೋಡಬೇಕು. ಮುಳ್ಳು ಇನ್ನೊಂದು ಕಡೆ ಹಾರಿದರೆ ನಿಜ. ಹಾರಿತು.

ಆದರೆ ನಮಗೆ ಬೇಕಾದದ್ದು ಕೈಗೆ ತಗುಲುವ ಜಗ್ಗು. ಮೇಲಿನ ಲೆಕ್ಕದ ಮೊದಲ ಮೂರು ಸಾಲು ಸೇರಿಸಿದರೆ ಬಲದ ಸೂತ್ರ B²l²v/R. ಉಜ್ಜುವಿಕೆ ತಪ್ಪಿಸಬೇಕು, B ಹೆಚ್ಚಿಸಬೇಕು, R ಇಳಿಸಬೇಕು. ಸರಳು, ಹಳಿ, ರೋಧಕ ಮೂರನ್ನೂ ಒಂದೇ ಲೋಹದೊಳಗೆ ಇಟ್ಟರೆ ಇದೆಲ್ಲ ಒಟ್ಟಿಗೆ ಆಗುತ್ತದೆ. ಅಂದರೆ ದಪ್ಪ ತಾಮ್ರದ ತಟ್ಟೆ. ಅದನ್ನು ಎರಡು ಬಲವಾದ ನಿಯೋಡಿಮಿಯಂ ಅಯಸ್ಕಾಂತಗಳ ಸಂದಿಯಲ್ಲಿ, ಎಲ್ಲೂ ತಾಗದ ಹಾಗೆ ಓಡಿಸಬೇಕು. B 0.3 ಟೆಸ್ಲಾ, ಕ್ಷೇತ್ರದ ಅಗಲ 3 ಸೆಂಟಿಮೀಟರ್, ಒಳಗಿನ ಸುತ್ತಿನ ರೋಧ ಅಂದಾಜು 0.0001 ಓಂ, ವೇಗ ಸೆಕೆಂಡಿಗೆ 1 ಮೀಟರ್ ಎಂದು ಹಿಡಿದರೆ ಬಲ 0.8 ನ್ಯೂಟನ್. 80 ಗ್ರಾಂ ಕಲ್ಲು ಕೈಯಲ್ಲಿ ಹಿಡಿದಷ್ಟು.

ಮುಂದಿನ ಸಂಜೆ ಅದೇ ಹುಡುಗಿಯ ಕೈಗೆ ತಟ್ಟೆ ಕೊಟ್ಟೆ. ಮೊದಲು ಅಯಸ್ಕಾಂತ ತೆಗೆದು ಓಡಿಸಿದಳು, ಆಮೇಲೆ ಇಟ್ಟು. ಜೂಲ್ ಮಾಡಿದ ಹಾಗೆಯೇ ಎರಡು ಸಲ. ಎರಡನೆಯ ಸಲ ತಟ್ಟೆ ಜೇನಿನೊಳಗೆ ಹೋದಂತೆ ನಿಧಾನವಾಯಿತು. "ಸರ್, ಬೇಗ ಎಳೆದರೆ ಜಾಸ್ತಿ ಹಿಡೀತದೆ, ನಿಲ್ಲಿಸಿದರೆ ಬಿಟ್ಟುಬಿಡ್ತದೆ" ಅಂದಳು. ಆಮೇಲೆ ಬೋರ್ಡಿನ ಹತ್ತಿರ ಹೋಗಿ, F = B²l²v/R ಎಂದು ಬರೆದು, v ಗೆ ಸುತ್ತು ಹಾಕಿದಳು.