ಗ್ಲುಕಗಾನ್: ಸಕ್ಕರೆಯಲ್ಲ, ಕಣಜದ ಬಾಗಿಲು ತೆಗೆಸುವ ಔಷಧಿ

ಮೆಡಿಕಲ್ ಶಾಪಿಗೆ ಹೋಗಿ ಒಮ್ಮೆ ಗ್ಲುಕಗಾನ್ ಕೇಳಿದ್ದೆ. ಅಂಗಡಿಯ ಹುಡುಗ ಒಳಗೆ ಹೋಗಿ ಗ್ಲೂಕೋಸ್ ಪುಡಿಯ ಡಬ್ಬ ತಂದಿಟ್ಟ. ಅವನದೇನೂ ತಪ್ಪಿಲ್ಲ, ಹೆಸರುಗಳು ಅಷ್ಟು ಹತ್ತಿರ ಇವೆ. ಆದರೆ ಇವೆರಡರ ಕೆಲಸವೇ ಬೇರೆ. ಗ್ಲೂಕೋಸ್ ಎಂದರೆ ಸಕ್ಕರೆ. ಗ್ಲುಕಗಾನ್ ಸಕ್ಕರೆಯೇ ಅಲ್ಲ.

ನಮ್ಮ ಲಿವರ್ ಒಂದು ಕಣಜ ಇದ್ದ ಹಾಗೆ. ಉಂಡದ್ದರಲ್ಲಿ ಉಳಿದ ಸಕ್ಕರೆ ಅಲ್ಲಿ ಗ್ಲೈಕೋಜೆನ್ ಎಂಬ ರೂಪದಲ್ಲಿ ಸೇರಿಕೊಳ್ಳುತ್ತದೆ. ರಕ್ತದಲ್ಲಿ ಸಕ್ಕರೆ ಇಳಿದಾಗ ಮೇದೋಜೀರಕ ಗ್ರಂಥಿ ಗ್ಲುಕಗಾನ್ ಎಂಬ ಹಾರ್ಮೋನು ಬಿಡುತ್ತದೆ. ಲಿವರ್ ಅದನ್ನು ಕಂಡು ಬಾಗಿಲು ತೆಗೆದು ಸಕ್ಕರೆಯನ್ನು ರಕ್ತಕ್ಕೆ ಸುರಿಯುತ್ತದೆ. ಇನ್ಸುಲಿನ್ ಮಾಡುವುದಕ್ಕೆ ಇದು ನೇರ ವಿರುದ್ಧ. 1923ರಲ್ಲಿ ಕಿಂಬಲ್ ಮತ್ತು ಮರ್ಲಿನ್ ಎಂಬ ಸಂಶೋಧಕರು ಇದಕ್ಕೆ ಹೆಸರಿಟ್ಟರು. ವರ್ಷಗಟ್ಟಲೆ ಟೈಪ್ 1 ಡಯಾಬಿಟಿಸ್ ಇದ್ದವರಲ್ಲಿ, ಸಕ್ಕರೆ ಎಷ್ಟೇ ಇಳಿದರೂ ಈ ಹಾರ್ಮೋನು ಸರಿಯಾಗಿ ಬರುವುದಿಲ್ಲ. ಹಾಗಾಗಿ ಹೊರಗಿನಿಂದ ಕೊಡಬೇಕಾಗುತ್ತದೆ.

ಯಾವಾಗ ಕೊಡಬೇಕು? ಸಕ್ಕರೆ 70ಕ್ಕಿಂತ ಕೆಳಗಿಳಿದರೆ ‘ಲೋ’ ಆಯಿತು ಅನ್ನುತ್ತೇವೆ. ಕೈ ನಡುಗುತ್ತದೆ, ಬೆವರು ಬರುತ್ತದೆ, ಹಸಿವಾಗುತ್ತದೆ. ಎಚ್ಚರವಿದ್ದು ಸರಿಯಾಗಿ ನುಂಗುತ್ತಾರೆ ಅಂದರೆ ಮೂರು ಚಮಚ ಸಕ್ಕರೆ ನೀರಿಗೆ ಕಲಸಿ ಕುಡಿಸಿದರೆ ಸಾಕು, ಗ್ಲುಕಗಾನ್ ಬೇಡ. ಅದರ ಸರದಿ ಬರುವುದು ಬಾಯಿಯ ದಾರಿ ಮುಚ್ಚಿದಾಗ: ಪ್ರಜ್ಞೆ ತಪ್ಪಿದ್ದಾರೆ, ಫಿಟ್ಸ್ ಬರುತ್ತಿದೆ, ಇಲ್ಲವೇ ಎಷ್ಟು ಗಲಿಬಿಲಿ ಅಂದರೆ ಕೊಟ್ಟದ್ದನ್ನು ನುಂಗಲು ಆಗುತ್ತಿಲ್ಲ. ಮೀಟರಿನಲ್ಲಿ ಎಷ್ಟಿದೆ ಅನ್ನುವುದಕ್ಕಿಂತ ನುಂಗುತ್ತಾರೋ ಇಲ್ಲವೋ ಅನ್ನುವುದೇ ಇಲ್ಲಿ ಮುಖ್ಯ. ಮೀಟರ್ ಕೈಗೆ ಸಿಕ್ಕರೆ ನೋಡಿ, ಸಿಗದಿದ್ದರೆ ಹುಡುಕುತ್ತಾ ಕೂರಬೇಡಿ. ಇನ್ಸುಲಿನ್ ತೆಗೆದುಕೊಳ್ಳುವವರು ಎಚ್ಚರ ತಪ್ಪಿ ಬಿದ್ದಿದ್ದರೆ ಲೋ ಎಂದೇ ಹಿಡಿಯಿರಿ. ಅಕಸ್ಮಾತ್ ಸಕ್ಕರೆ ಜಾಸ್ತಿಯಾಗಿಯೇ ಬಿದ್ದಿದ್ದರೂ ಒಂದು ಡೋಸ್ ಗ್ಲುಕಗಾನ್‌ನಿಂದ ಆಗುವ ತೊಂದರೆ ಸಣ್ಣದು, ಲೋ ಆಗಿದ್ದವರಿಗೆ ಕೊಡದೇ ಬಿಟ್ಟರೆ ಆಗುವುದು ದೊಡ್ಡದು. ಆದರೆ ಇಂಥ ಗಳಿಗೆಯಲ್ಲಿ ಊಹೆಯ ಮೇಲೆ ಇನ್ಸುಲಿನ್ ಮಾತ್ರ ಕೊಡಬೇಡಿ.

ನಮ್ಮ ಮನೆಗಳಲ್ಲಿ ಮೊದಲು ಆಗುವುದೇ ಬೇರೆ. ಯಾರೋ ಬಾಯಿ ಬಿಡಿಸಿ ಸಕ್ಕರೆ ನೀರು ಸುರಿಯುತ್ತಾರೆ, ಇನ್ನೊಬ್ಬರು ಕೈಗೆ ಕಬ್ಬಿಣದ ಬೀಗದ ಕೈ ಹಿಡಿಸುತ್ತಾರೆ. ಬೀಗದ ಕೈಯಿಂದ ಹೊತ್ತು ದಂಡ, ಅಷ್ಟೆ. ಸಕ್ಕರೆ ನೀರು ಹಾಗಲ್ಲ. ಎಚ್ಚರವಿಲ್ಲದವರ ಗಂಟಲು ತನ್ನನ್ನು ತಾನು ಕಾಪಾಡಿಕೊಳ್ಳುವುದಿಲ್ಲ, ನೀರು ನೇರ ಶ್ವಾಸಕೋಶಕ್ಕೆ ಇಳಿಯಬಹುದು.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಹತ್ತೊಂಬತ್ತರ ಹುಡುಗ, ಟೈಪ್ 1. ಸಂಜೆ ಎರಡು ಗಂಟೆ ಕಬಡ್ಡಿ ಆಡಿ, ಸುಸ್ತಾಗಿ ಅರ್ಧ ಊಟ ಮಾಡಿ, ಇನ್ಸುಲಿನ್ ಮಾತ್ರ ಎಂದಿನಷ್ಟೇ ಹಾಕಿಕೊಂಡು ಮಲಗಿದ. ಬೆಳಗಿನ ಜಾವ 5:40ಕ್ಕೆ ಅಮ್ಮ ನೋಡಿದರೆ ಹಾಸಿಗೆ ಬೆವರಿನಿಂದ ಒದ್ದೆ, ಎಷ್ಟು ಅಲುಗಿಸಿದರೂ ಮಾತಿಲ್ಲ. ಅಪ್ಪ ಮೀಟರ್ ಹಿಡಿದರೆ 31. ಆಳ ಇಳಿದರೆ ಕೆಲವು ಮೀಟರುಗಳು ಅಂಕಿಯನ್ನೇ ತೋರಿಸದೆ `Lo` ಎಂದಷ್ಟೇ ಬರೆಯುತ್ತವೆ.

ಅಪ್ಪ 108ಕ್ಕೆ ಫೋನ್ ಮಾಡುತ್ತಿದ್ದಾರೆ, ಅಮ್ಮನ ಕೈಯಲ್ಲಿ ಗ್ಲುಕಗಾನ್ ಕಿಟ್. ಹಳೆಯ ಬಗೆಯ ಕಿಟ್‌ನಲ್ಲಿ ಪುಟ್ಟ ಸೀಸೆಯಲ್ಲಿ ಒಣ ಪುಡಿ ಇರುತ್ತದೆ, ಪಕ್ಕದಲ್ಲಿ ನೀರು ತುಂಬಿದ ಸಿರಿಂಜ್. ನೀರನ್ನು ಸೀಸೆಗೆ ಚುಚ್ಚಿ, ಪುಡಿ ಕರಗಿ ತಿಳಿಯಾಗುವವರೆಗೆ ಮೆಲ್ಲಗೆ ತಿರುಗಿಸಿ, ಪೂರ್ತಿ ಮತ್ತೆ ಸಿರಿಂಜಿಗೆ ಎಳೆದುಕೊಳ್ಳಬೇಕು. ಗಾಬರಿಯಲ್ಲಿ ಜನ ಮಾಡುವ ತಪ್ಪು ಏನು ಗೊತ್ತಾ? ಪುಡಿಯನ್ನು ಕಲಸದೆ ಬರೀ ನೀರನ್ನೇ ಚುಚ್ಚಿಬಿಡುವುದು. ಅಮ್ಮ ಸರಿಯಾಗಿ ಕಲಸಿ ತೊಡೆಯ ಹೊರಬದಿಗೆ ಚುಚ್ಚಿದರು. ತುರ್ತಿನಲ್ಲಿ ಪ್ಯಾಂಟಿನ ಮೇಲಿಂದಲೇ ಚುಚ್ಚಿದರೂ ನಡೆಯುತ್ತದೆ. ದೊಡ್ಡವರಿಗೆ ಪೂರ್ತಿ 1 ಮಿಲಿಗ್ರಾಂ, 25 ಕಿಲೋಗಿಂತ ಕಡಿಮೆ ತೂಕದ ಮಕ್ಕಳಿಗೆ ಅದರ ಅರ್ಧ. ಮೂಗಿಗೆ ಒತ್ತುವ ಪುಡಿಯೂ ಬಂದಿದೆ, 3 ಮಿಲಿಗ್ರಾಮಿನದು. ಅದನ್ನು ಒಂದೇ ಹೊಳ್ಳೆಗೆ ಒತ್ತಿದರೆ ಸಾಕು, ರೋಗಿ ಉಸಿರೆಳೆದುಕೊಳ್ಳಬೇಕಿಲ್ಲ. ಆದರೆ ಕೆಲಸ ಮಾಡುತ್ತದಾ ನೋಡೋಣ ಎಂದು ಸುಮ್ನೆ ಒಮ್ಮೆ ಒತ್ತಿದರೆ ಇದ್ದ ಒಂದೇ ಡೋಸ್ ಹೋಯಿತು.

ಚುಚ್ಚಿದ ಕೂಡಲೇ ಹುಡುಗನನ್ನು ಮಗ್ಗುಲಿಗೆ ತಿರುಗಿಸಿದರು. ಇದನ್ನು ಮರೆಯುವವರೇ ಜಾಸ್ತಿ. ಗ್ಲುಕಗಾನ್‌ನಿಂದ ವಾಂತಿ ಬರುವುದು ಮಾಮೂಲು. ಅಂಗಾತ ಮಲಗಿದ್ದರೆ ಅದು ಉಸಿರಿನ ದಾರಿಗೆ ಹೋಗುತ್ತದೆ.

5:44ಕ್ಕೆ ಚುಚ್ಚಿದ್ದು. 5:56ಕ್ಕೆ ಹುಡುಗ ಕಣ್ಣು ಬಿಟ್ಟ, ಒಮ್ಮೆ ವಾಂತಿ ಮಾಡಿದ, ತಲೆನೋವು ಅಂದ. ಸಾಮಾನ್ಯವಾಗಿ ಹತ್ತು ಹದಿನೈದು ನಿಮಿಷ ಹಿಡಿಯುತ್ತದೆ. ಹದಿನೈದು ನಿಮಿಷವಾದರೂ ಎಚ್ಚರವಾಗದೆ, ಆಂಬುಲೆನ್ಸೂ ಬಾರದೆ, ಇನ್ನೊಂದು ಕಿಟ್ ಇದ್ದರೆ ಎರಡನೆಯ ಡೋಸ್ ಕೊಡಬಹುದು. ಆಂಬುಲೆನ್ಸಿನಲ್ಲಿ ಬಂದವರು ನರಕ್ಕೆ ಗ್ಲೂಕೋಸ್ ಕೊಡುತ್ತಾರೆ.

ಎದ್ದ ಅಂತ ಇಲ್ಲಿಗೆ ಮುಗಿಯಿತು ಅಂದುಕೊಂಡರೆ ಎಡವಟ್ಟು. ಈಗ ಏರಿದ ಸಕ್ಕರೆ ಕಣಜದಿಂದ ತೆಗೆದದ್ದು. ಕಣಜ ಬರಿದಾಗಿದೆ, ರಾತ್ರಿಯ ಇನ್ಸುಲಿನ್ ಇನ್ನೂ ರಕ್ತದಲ್ಲಿದೆ. ಚುಚ್ಚಿದ್ದರ ಪರಿಣಾಮ ಸುಮಾರು ಒಂದೂವರೆ ಗಂಟೆ ಮಾತ್ರ. ಆಮೇಲೆ ಸಕ್ಕರೆ ಮತ್ತೆ ಜಾರಬಹುದು. ಅದಕ್ಕೇ ಹುಡುಗ ಸರಿಯಾಗಿ ನುಂಗುತ್ತಾನೆ ಎಂದು ಖಾತ್ರಿಯಾದ ಮೇಲೆ ಮೊದಲು ಸಕ್ಕರೆ ನೀರು, ಗುಟುಕು ಗುಟುಕಾಗಿ. ಹೊಟ್ಟೆ ತಡೆದುಕೊಂಡ ಮೇಲೆ ಇಡ್ಲಿ, ಒಂದು ಲೋಟ ಹಾಲು. ಬರೀ ಸಕ್ಕರೆ ಬೇಗ ಖರ್ಚಾಗುತ್ತದೆ, ಊಟ ನಿಧಾನಕ್ಕೆ ಕಣಜ ತುಂಬುತ್ತದೆ. ಹದಿನೈದು ನಿಮಿಷಕ್ಕೊಮ್ಮೆ ಮೀಟರ್ ನೋಡುತ್ತಾ, ‘ಸ್ವಲ್ಪ ಮಲಗುತ್ತೇನೆ’ ಅಂದರೂ ಒಂಟಿಯಾಗಿ ಬಿಡದೆ ಕೂತರು. ಅಷ್ಟರಲ್ಲಿ 108ರವರು ಬಂದರು. ಎದ್ದಿದ್ದಾನಲ್ಲ ಎಂದು ಅವರನ್ನು ವಾಪಸ್ ಕಳಿಸಲಿಲ್ಲ. ಮಧ್ಯಾಹ್ನದೊಳಗೆ ಡಾಕ್ಟರ್ ಹತ್ತಿರ ಕೂತು, ಆಟವಾಡಿದ ದಿನ ರಾತ್ರಿಯ ಡೋಸ್ ಎಷ್ಟು ಕಡಿಮೆ ಮಾಡಬೇಕು ಎಂದು ಮಾತಾಡಿದರು. ಒಂದೆರಡು ದಿನ ಕಬಡ್ಡಿ ಬೇಡ ಅಂದರು.

ಕಣಜ ಮೊದಲೇ ಖಾಲಿ ಇದ್ದರೆ? ಹಿಂದಿನ ದಿನ ಪೂರ್ತಿ ಉಪವಾಸ, ಇಲ್ಲವೇ ಊಟವಿಲ್ಲದೆ ಕುಡಿತ. ಆಗ ಬಾಗಿಲು ತೆಗೆದರೂ ಒಳಗೆ ಏನಿರುತ್ತದೆ? ಗ್ಲುಕಗಾನ್ ಅಲ್ಲಿ ಹೆಚ್ಚು ಕೆಲಸ ಮಾಡುವುದಿಲ್ಲ. ಕೊಡುವುದನ್ನು ಕೊಟ್ಟರೂ ಅದನ್ನೇ ನಂಬಿ ಕೂರದೆ ಆಸ್ಪತ್ರೆಗೆ ಓಡಬೇಕು. ಇನ್ನೊಂದು ಗುಂಪು ಗ್ಲಿಮಿಪಿರೈಡ್, ಗ್ಲಿಬೆನ್‌ಕ್ಲಮೈಡ್‌ನಂಥ ಡಯಾಬಿಟಿಸ್ ಮಾತ್ರೆ ನುಂಗುವ ಹಿರಿಯರದು. ಈ ಮಾತ್ರೆಗಳು ಗಂಟೆಗಟ್ಟಲೆ ಇನ್ಸುಲಿನ್ ಬಿಡಿಸುತ್ತಲೇ ಇರುತ್ತವೆ. ಬೆಳಗ್ಗೆ ಸರಿಹೋದ ಅಜ್ಜ ಸಂಜೆ ಮತ್ತೆ ಬೀಳಬಹುದು, ಅದರಲ್ಲೂ ಕಿಡ್ನಿ ಸರಿಯಿಲ್ಲದಿದ್ದರೆ. ಎದ್ದು ಕೂತು ಕಾಫಿ ಕೇಳಿದರೂ ಅವರು ಒಂದು ದಿನವಾದರೂ ಆಸ್ಪತ್ರೆಯಲ್ಲೇ ಇರಲಿ.

ನಮ್ಮ ಕಡೆ ಗ್ಲುಕಗಾನ್ ಎಲ್ಲ ಅಂಗಡಿಯಲ್ಲೂ ಸಿಗುವುದಿಲ್ಲ. ಡಾಕ್ಟರ್ ಚೀಟಿ ಬರೆಸಿ ಮುಂಚೆಯೇ ತರಿಸಿಡಬೇಕು, ಎಲ್ಲಿದೆ ಎಂದು ಮನೆಯವರಿಗೂ ಹಾಸ್ಟೆಲಿನ ರೂಮ್‌ಮೇಟಿಗೂ ತೋರಿಸಬೇಕು. ಅವಧಿ ಮುಗಿದ ಕಿಟ್ ಇದ್ದರೆ ಬಿಸಾಡುವ ಮೊದಲು ಎಲ್ಲರೂ ಸುತ್ತ ಕೂತು, ಪುಡಿ ಕಲಸಿ, ಒಂದು ಕಿತ್ತಳೆ ಹಣ್ಣಿಗೆ ಚುಚ್ಚಿ ನೋಡಿ. ಆ ಹಣ್ಣನ್ನು ಮಾತ್ರ ಯಾರೂ ತಿನ್ನಬೇಡಿ.