ಎಥಿಕಲ್ ಬಂಗಾರ ಅಂತ ಜಾಸ್ತಿ ಕೊಟ್ಟು ತಗೊಂಡ್ರಿ, ಮಾರುವಾಗ ಆ ದುಡ್ಡು ಎಲ್ಲಿ ಹೋಗುತ್ತೆ?

ನಾನು ಮಂಡಿಪೇಟೆ ಕಡೆ ಬಂಗಾರ ನೋಡೋನು. ಬ್ಯಾಂಕುಗಳಿಗೆ ಅಪ್ರೈಸರ್, ಅಂಗಡಿಯವರು ಕರೆದ್ರೆ ಹಳೇ ಬಂಗಾರದ ಟಚ್, ಅಂದ್ರೆ ಶುದ್ಧತೆ, ನೋಡಿ ಹೇಳೋದೂ ಉಂಟು. ಈಗೀಗ ಒಂದು ಹೊಸ ವಾದ ಶುರುವಾಗಿದೆ. ಪ್ಲಾಸ್ಟಿಕ್ ಕಾರ್ಡಲ್ಲಿ ಸೀಲ್ ಆಗಿರೋ ಬಿಸ್ಕೆಟ್ ತರ್ತಾರೆ, ಅದರ ಮೇಲೆ ಇಂಗ್ಲಿಷಲ್ಲಿ ರೆಸ್ಪಾನ್ಸಿಬಲಿ ಸೋರ್ಸ್ಡ್, ಕಾನ್‌ಫ್ಲಿಕ್ಟ್ ಫ್ರೀ ಅಂತ ಇರುತ್ತೆ, ಅಂದ್ರೆ ಯುದ್ಧಕ್ಕೆ ದುಡ್ಡು ಕೊಡದ, ಸರಿಯಾದ ದಾರೀಲಿ ಬಂದ ಬಂಗಾರ ಅಂತ, "ಇದು ಎಲ್ಲಾರ ಬಂಗಾರದ ಥರ ಅಲ್ಲ ರೀ, ರೇಟ್ ನೋಡಿ ಹಾಕ್ರಿ" ಅಂತಾರೆ. ಹಾಲ್‌ಮಾರ್ಕ್ ಬಗ್ಗೆ ಇಲ್ಲಿ ಹೇಳೋಕೆ ಹೋಗಲ್ಲ, ಅದು ಶುದ್ಧತೆ ವಿಷಯ, ಎಲ್ಲರಿಗೂ ಗೊತ್ತು. ಇದು ಬಂಗಾರ ಎಲ್ಲಿಂದ ಬಂತು ಅನ್ನೋ ವಿಷಯ.

ಮೊನ್ನೆ ನಿಟ್ಟುವಳ್ಳಿಯ ರಿಟೈರ್ಡ್ ಇಂಜಿನಿಯರ್ ಒಬ್ರು ಬಂದಿದ್ರು, ಬಹಳ ಒಳ್ಳೆ ಮನುಷ್ಯ, ಎಲ್ಲಾ ಬಿಲ್ಲನ್ನೂ ಫೈಲ್ ಮಾಡಿ ಇಟ್ಟಿರೋರು. 10 ಗ್ರಾಂ ಬಿಸ್ಕೆಟ್. ಸಾದಾ ಬಿಸ್ಕೆಟ್‌ಗಿಂತ ಗ್ರಾಮಿಗೆ 400 ರೂಪಾಯಿ ಜಾಸ್ತಿ ಕೊಟ್ಟು ತಗೊಂಡಿದ್ರು, ಅಂದ್ರೆ 4,000 ರೂಪಾಯಿ. ಫೈಲ್ ತೆಗೆದು ಸರ್ಟಿಫಿಕೇಟ್ ನೋಡಿದೆ. ಅದರಲ್ಲಿ ಇದ್ದಿದ್ದು ಇಷ್ಟೇ: ಈ ಬಂಗಾರ ಎಲ್‌ಬಿಎಂಎ ಗುಡ್ ಡೆಲಿವರಿ ಪಟ್ಟಿಯಲ್ಲಿರೋ ರಿಫೈನರಿಯದ್ದು, ಆ ರಿಫೈನರಿಗೆ ಜವಾಬ್ದಾರಿ ಮೂಲದ ಆಡಿಟ್ ಆಗಿದೆ. ಪೂರ್ತಿ ನಿಜ. ಸುಳ್ಳು ಒಂದಕ್ಷರ ಇಲ್ಲ. ಆದ್ರೆ ಅದಕ್ಕೆ 4,000 ಕೊಡೋ ಅಗತ್ಯನೇ ಇರಲಿಲ್ಲ.

ಯಾಕೆ ಅಂದ್ರೆ, ಎಲ್‌ಬಿಎಂಎ ಅನ್ನೋದು ಲಂಡನ್ ಬುಲಿಯನ್ ಮಾರ್ಕೆಟ್‌ನವರ ಸಂಘ, ಯಾವ ಯಾವ ರಿಫೈನರಿಯ ಗಟ್ಟಿನ ಆ ಮಾರ್ಕೆಟ್ ಒಪ್ಪುತ್ತೆ ಅನ್ನೋದೇ ಅವರ ಗುಡ್ ಡೆಲಿವರಿ ಪಟ್ಟಿ. ಕಾಂಗೋ ಥರದ ಕಡೆ ಬಂದೂಕು ಹಿಡಿದವರು ಗಣಿ ಹಿಡ್ಕೊಂಡು ಬಂಗಾರ ಮಾರಿ ಯುದ್ಧ ನಡೆಸ್ತಾರೆ ಅನ್ನೋ ಗಲಾಟೆ ಆದ್ಮೇಲೆ ಇವರು 2012ರಲ್ಲಿ ರೆಸ್ಪಾನ್ಸಿಬಲ್ ಗೋಲ್ಡ್ ಗೈಡೆನ್ಸ್ ತಂದ್ರು, ಪಟ್ಟಿಯಲ್ಲಿರೋ ಪ್ರತಿ ರಿಫೈನರಿಯೂ ತನಗೆ ಬರೋ ಬಂಗಾರ ಯಾರಿಂದ, ಯಾವ ದೇಶದಿಂದ, ಯಾವ ದಾರೀಲಿ ಬಂತು ಅಂತ ವಿಚಾರಿಸಬೇಕು, ಹೊರಗಿನವರಿಂದ ಆಡಿಟ್ ಮಾಡಿಸಬೇಕು. ಮಾಡಿಸದಿದ್ರೆ ಪಟ್ಟಿಯಿಂದ ಔಟ್. ಅಂದ್ರೆ ಇದು ಪಟ್ಟಿಯಲ್ಲಿರೋರಿಗೆಲ್ಲ ಕಡ್ಡಾಯ. ನಮ್ಮ ದೇಶದಲ್ಲಿ ಎಂಎಂಟಿಸಿ-ಪ್ಯಾಂಪ್ ಆ ಪಟ್ಟಿಯಲ್ಲಿದೆ, ಅವರ ಸಾದಾ ನಾಣ್ಯಕ್ಕೂ ಇದೇ ಆಡಿಟ್ ಅನ್ವಯ ಆಗುತ್ತೆ. ಇಂಜಿನಿಯರ್ ಸಾಹೇಬ್ರು ಎಲ್ಲರಿಗೂ ಫ್ರೀಯಾಗಿ ಬರೋದಕ್ಕೆ ಬೇರೆ ದುಡ್ಡು ಕೊಟ್ಟಿದ್ರು. ಇನ್ನೊಂದು, ಆ ಆಡಿಟ್ ರಿಫೈನರಿಗೆ ಆಗಿರೋದು, ನಿಮ್ಮ ಕೈಲಿರೋ ಬಿಸ್ಕೆಟ್‌ಗೆ ಅಲ್ಲ.

ಹಂಗಾದ್ರೆ ಈ ಆಡಿಟ್‌ಗೆ, ಈ ಪಟ್ಟಿಗೆ ಬೆಲೆನೇ ಇಲ್ವಾ ಅಂತ ಕೇಳಬಹುದು. ಇದೆ, ಆದ್ರೆ ಉಲ್ಟಾ ದಿಕ್ಕಲ್ಲಿ. 2022 ಮಾರ್ಚಲ್ಲಿ, ಉಕ್ರೇನ್ ಯುದ್ಧ ಶುರುವಾಗಿ ನಿರ್ಬಂಧ ಬಿದ್ದ ಮೇಲೆ, ರಷ್ಯಾದ ಆರು ರಿಫೈನರಿಗಳನ್ನ ಎಲ್‌ಬಿಎಂಎ ಸಸ್ಪೆಂಡ್ ಮಾಡ್ತು. ಅವರ ಬಂಗಾರದ ಶುದ್ಧತೆ ಒಂದು ಚೂರೂ ಕಮ್ಮಿ ಆಗಿರಲಿಲ್ಲ, ಆದ್ರೂ ಆಮೇಲೆ ಎರಕ ಹೊಯ್ದ ಗಟ್ಟಿಗೆ ಲಂಡನ್ ಬಾಗಿಲು ಬಂದ್, ಬೇರೆ ಕಡೆ ಹೋಗಿ ರೇಟ್ ಬಿಟ್ಟು ಮಾರಬೇಕಾಯ್ತು. ದೊಡ್ಡ ಮಾರ್ಕೆಟಲ್ಲಿ ನಡೆಯೋದು ಹಿಂಗೆ ರೀ: ಪಟ್ಟಿಯಲ್ಲಿದ್ರೆ ಮಾಮೂಲಿ ರೇಟ್, ಇಲ್ದಿದ್ರೆ ಕಡಿತ.

ನಿಜವಾಗ್ಲೂ ಪ್ರೀಮಿಯಂ ಇರೋ ಬಂಗಾರನೂ ಇದೆ, ಅದನ್ನ ಇದರ ಜೊತೆ ಕಲಸಬಾರದು. ಫೇರ್‌ಮೈನ್ಡ್, ಫೇರ್‌ಟ್ರೇಡ್ ಅಂತ ಎರಡು ಲೇಬಲ್. ಕೊಲಂಬಿಯಾ, ಪೆರು ಕಡೆ ಸಣ್ಣ ಸಣ್ಣ ಗಣಿಗಳಲ್ಲಿ ಕೆಲಸ ಮಾಡೋರ ಸಂಘಗಳಿಂದ ಬರೋ ಬಂಗಾರ. ಫೇರ್‌ಮೈನ್ಡ್‌ನಲ್ಲಿ ಬಂಗಾರದ ರೇಟ್ ಮೇಲೆ ಕಿಲೋಗೆ 4,000 ಡಾಲರ್ ಆ ಸಂಘಕ್ಕೆ ಹೋಗಬೇಕು, ಪಾದರಸ ಸಯನೈಡ್ ಇಲ್ದೆ ತೆಗೆದಿದ್ರೆ 6,000. ಫೇರ್‌ಟ್ರೇಡ್‌ನಲ್ಲಿ 2,000. ಗ್ರಾಮಿಗೆ ಇಳಿಸಿದ್ರೆ ನಾಲ್ಕು ಡಾಲರ್, ಆರು ಡಾಲರ್, ಎರಡು ಡಾಲರ್. ಇದು ಪರ್ಸೆಂಟ್ ಅಲ್ಲ, ಫಿಕ್ಸ್, ಹಂಗಾಗಿ ಬಂಗಾರದ ರೇಟ್ ಏರಿದಷ್ಟೂ ಇದರ ಪಾಲು ಸಣ್ಣದಾಗ್ತಾ ಹೋಗುತ್ತೆ. ಲೆಕ್ಕಕ್ಕೆ ಸುಲಭ ಆಗ್ಲಿ ಅಂತ ಗ್ರಾಂ 10,000 ರೂಪಾಯಿ, ಡಾಲರ್ 85 ಅಂತ ಹಿಡೀರಿ, ಫೇರ್‌ಮೈನ್ಡ್‌ನ ನಾಲ್ಕು ಡಾಲರ್ ಲೆಕ್ಕದಲ್ಲಿ 10 ಗ್ರಾಮಿಗೆ ಗಣಿಯವರಿಗೆ ಹೋಗೋದು 3,400 ರೂಪಾಯಿ, ಒಂದು ಲಕ್ಷದ ಮೇಲೆ ಮೂರೂವರೆ ಪರ್ಸೆಂಟ್‌ಗಿಂತ ಕಮ್ಮಿ. ಅದರ ಮೇಲೆ ಕಾರ್ಡು, ಮಜೂರಿ, ಅಂಗಡಿ ಲಾಭ ಸೇರಿಸಿ ಯಾರಾದ್ರೂ 15,000 ಜಾಸ್ತಿ ಕೇಳಿದ್ರೆ ಅದರಲ್ಲಿ ಗಣಿಯವನ ಪಾಲು ಎಷ್ಟು ಅಂತ ನೀವೇ ನೋಡ್ಕೊಳ್ಳಿ.

ಈಗ ಎಲ್ಲರೂ ಎಡವೋ ಜಾಗಕ್ಕೆ ಬರ್ತೀನಿ, ನಿಧಾನವಾಗಿ ಓದ್ರಿ. ಆ 3,400 ರೂಪಾಯಿ ನಿಮ್ಮ ಬಿಸ್ಕೆಟ್ ಒಳಗೆ ಇಲ್ಲ. ಅದು ಆಗ್ಲೇ ಗಣಿ ಸಂಘಕ್ಕೆ ಸೇರಿದೆ, ಖರ್ಚೂ ಆಗಿರುತ್ತೆ. ನೀವು ಅದನ್ನ ಕೊಟ್ರಿ, ಇಟ್ಟಿಲ್ಲ. ಆ ಲೇಬಲ್ ಉಳಿಯೋದು ಗಣಿಯಿಂದ ರಿಫೈನರಿ, ಅಲ್ಲಿಂದ ಆಭರಣ ಮಾಡೋನು ಅಂತ ಲೈಸೆನ್ಸ್ ಇರೋರ ಕೈಯಿಂದ ಕೈಗೆ ಕಾಗದ ಸಮೇತ ಹೋಗ್ತಾ ಇರೋವರೆಗೆ. ನಿಮ್ಮ ಮನೆ ಬೀರುಗೆ ಬಂತು ಅಂದ್ರೆ ಸರಪಳಿ ಅಲ್ಲಿಗೆ ಕಟ್. ವಾಪಸ್ ಮಾರೋಕೆ ಬಂದಾಗ ಅದು ಹಳೇ ಬಂಗಾರ, ರೀಸೈಕಲ್ಡ್. ಲೇಬಲ್ ಇರೋ ಬಂಗಾರನೇ ಬೇಕು ಅನ್ನೋ ಆಭರಣದವನು ಇದ್ದಾನೆ ಅಂತ್ಲೇ ಇಟ್ಕೊಳ್ಳಿ, ಅವನೂ ನಿಮ್ಮ ಹತ್ರ ತಗೊಂಡು ಆ ಲೇಬಲ್ ಹಾಕೋಕೆ ಬರಲ್ಲ. ಜಾಸ್ತಿ ಕೊಡೋಕೆ ಕಾರಣ ಇರೋ ಒಬ್ಬನೇ ಗಿರಾಕಿಗೂ ನಿಮ್ಮಿಂದ ಉಪಯೋಗ ಇಲ್ಲ.

ಇಂಜಿನಿಯರ್ ಸಾಹೇಬ್ರು ಒಪ್ಪಲಿಲ್ಲ. "ಮಷಿನ್‌ನಲ್ಲಿ ಗೊತ್ತಾಗಲ್ವೇನ್ರಿ, ಇದು ಒಳ್ಳೆ ಕಡೆಯಿಂದ ಬಂದಿದ್ದು ಅಂತ?" ಅಂದ್ರು.

"ಸರ್, ಮಷಿನ್ 999 ಅಂತ ಹೇಳುತ್ತೆ, ಬೆಳ್ಳಿ ಎಷ್ಟು ತಾಮ್ರ ಎಷ್ಟು ಅಂತ ಹೇಳುತ್ತೆ. ಊರು ಹೇಳಲ್ಲ" ಅಂದೆ.

ಗಣಿಯಿಂದ ಬಂದ ಕಚ್ಚಾ ಗಟ್ಟಿಯಲ್ಲಿ ಬೇರೆ ಲೋಹದ ಕಲಬೆರಕೆ ಇರುತ್ತೆ, ಅದರಿಂದ ಮೂಲದ ಸುಳಿವು ಏನಾದ್ರೂ ಸಿಗಬಹುದು, ಆದ್ರೆ ರಿಫೈನರಿಯ ಕೆಲಸನೇ ಆ ಕಲಬೆರಕೆ ತೆಗೆಯೋದು. ಎಪಿಎಂಸಿಲಿ ಹತ್ತು ಊರಿನ ಮೆಕ್ಕೆಜೋಳ ಒಂದೇ ರಾಶಿಗೆ ಸುರಿದ ಮೇಲೆ ಯಾವ ಕಾಳು ಯಾವ ಹೊಲದ್ದು ಅಂತ ಹೆಂಗೆ ಹೇಳ್ತೀರಿ. ಕಳ್ಳದಾರಿ ಬಂಗಾರನ ಹಳೇ ಬಂಗಾರ ಅಂತ ತೋರಿಸಿ ನುಗ್ಗಿಸೋರಿಗೆ ಅನುಕೂಲ ಆಗಿರೋದೂ ಇದೇ. ಹಂಗಾಗಿ "ನೂರಕ್ಕೆ ನೂರು ರೀಸೈಕಲ್ಡ್, ಆದ್ದರಿಂದ ಎಥಿಕಲ್" ಅನ್ನೋ ಕಾರ್ಡ್ ನೋಡಿದ್ರೆ ನಾನಂತೂ ಅಷ್ಟಕ್ಕೇ ಖುಷಿ ಪಡಲ್ಲ.

ಆಮೇಲೆ ಅವರು ಅದೇ ಬಿಸ್ಕೆಟ್ ಬ್ಯಾಂಕಲ್ಲಿ ಇಟ್ಟು ಸಾಲ ತಗೊಳ್ಳೋ ಯೋಚನೆ ಮಾಡಿದ್ರು. ಅದೂ ಆಗಲ್ಲ, ಆರ್‌ಬಿಐ ನಿಯಮದಲ್ಲಿ ಆಭರಣ ಮತ್ತೆ ಒಂದು ಮಿತಿವರೆಗೆ ನಾಣ್ಯಕ್ಕೆ ಸಾಲ, ಗಟ್ಟಿಗೆ ಇಲ್ಲ. ಆಭರಣ ಆಗಿದ್ರೂ ನಾನು ಬರೆಯೋದು ತೂಕ, ಟಚ್, ಅವತ್ತಿನ ರೇಟ್ ಲೆಕ್ಕ ಅಷ್ಟೇ, ಕಲ್ಲಿಗೂ ಇಲ್ಲ, ಮಜೂರಿಗೂ ಇಲ್ಲ, ಲೇಬಲ್‌ಗೂ ಇಲ್ಲ, ಫಾರಂನಲ್ಲಿ ಆ ಕಾಲಮ್ಮೇ ಇಲ್ಲ.

ಗಣಿಯವರಿಗೆ ನಾಲ್ಕು ಕಾಸು ಜಾಸ್ತಿ ಹೋಗ್ಲಿ ಅಂತ ತಗೊಳ್ಳೋರನ್ನ ನಾನು ಬೇಡ ಅನ್ನಲ್ಲ, ಅಂಥವರು ಇದ್ರೆ ಒಳ್ಳೇದೇ. ಹಂಗೆ ತಗೊಳ್ಳೋದಾದ್ರೆ ಅಂಗಡಿಯವರ ಹತ್ರ ಕೇಳಬೇಕಾದ್ದು ಯಾವ ಗಣಿ ಸಂಘದ್ದು, ಲೈಸೆನ್ಸ್ ಯಾರ ಹೆಸರಲ್ಲಿದೆ, ಮತ್ತೆ ಆ ಗಣಿಯ ಬಂಗಾರನೇ ಬೇರೆಯಾಗಿ ಇಟ್ಟು ಮಾಡಿದ್ದೋ ಅಥವಾ ಅಷ್ಟೇ ತೂಕ ಬೇರೆದರ ಜೊತೆ ಬೆರೆಸಿ ಲೆಕ್ಕದಲ್ಲಿ ಹೊಂದಿಸಿದ್ದೋ ಅಂತ. ಎರಡನೇದೂ ಮೋಸ ಅಲ್ಲ, ದುಡ್ಡು ಗಣಿಗೆ ಹೋಗಿರುತ್ತೆ, ಆದ್ರೆ ನಿಮಗೆ ಗೊತ್ತಿರಬೇಕು. ಗಣಿ ಹೆಸರು ಕೇಳಿದ ತಕ್ಷಣ ಸೇಲ್ಸ್‌ನವನು "ಇಂಟರ್‌ನ್ಯಾಷನಲ್ ಸರ್ಟಿಫೈಡ್ ಸರ್" ಅಂತ ಶುರು ಮಾಡಿದ್ರೆ ಸಾದಾ ಬಿಸ್ಕೆಟ್ ತಗೊಂಡು ಬಿಲ್ ಹಾಕಿಸ್ಕೊಂಡು ಬನ್ನಿ, ಇಂಜಿನಿಯರ್ ಸಾಹೇಬ್ರಿಗೂ ಇದನ್ನೇ ಹೇಳಿ ಕಳಿಸಿದೆ, ಮುಂದಿನ ಸಲ ಅಂಗಡಿಯಿಂದಲೇ ಫೋನ್ ಮಾಡ್ತೀನಿ ಅಂದಿದ್ದಾರೆ.