ಸಂಕ್ರಾಂತಿ ಬಂದರೂ ಮುಂಬೈಯಲ್ಲಿ ಬೆಳಗಾಗುವುದು ಯಾಕೆ ತಡ?

ಡೊಂಬಿವಲಿಯಿಂದ ಬೆಳಿಗ್ಗೆ ಏಳರ ಲೋಕಲ್ ಹಿಡಿಯುವ ನಮ್ಮವರು ಜನವರಿಯಲ್ಲಿ ಹೇಳುವ ಮಾತೊಂದಿದೆ: “ಡಿಸೆಂಬರ್‌ಗಿಂತ ಈಗಲೇ ಕತ್ತಲೆ ಜಾಸ್ತಿ.” ಡಿಸೆಂಬರ್ 22ರಿಂದಲೇ ಹಗಲು ಬೆಳೆಯುತ್ತದಲ್ವಾ, ಇದು ಸುಮ್ನೆ ಚಳಿಯ ಭ್ರಮೆ ಅಂತ ಉಳಿದವರು ತಳ್ಳಿಹಾಕುತ್ತಾರೆ. ಭ್ರಮೆಯಲ್ಲ. ಮುಂಬೈಯಲ್ಲಿ ಡಿಸೆಂಬರ್ 22ಕ್ಕೆ ಸೂರ್ಯ ಹುಟ್ಟುವುದು ಸುಮಾರು 7:08ಕ್ಕೆ, ಜನವರಿ 18ಕ್ಕೆ 7:15ಕ್ಕೆ. ಹಗಲು ಉದ್ದವಾಗಿದೆ, ಆದರೂ ಬೆಳಗು ತಡವಾಗಿದೆ.

ಇದರ ಬೇರು ಶಾಲೆಯಲ್ಲಿ ಬಾಯಿಪಾಠ ಮಾಡಿಸುವ ಒಂದು ಸಾಲಿನಲ್ಲಿದೆ. ಭೂಮಿ 24 ಗಂಟೆಗೆ ಒಂದು ಸುತ್ತು ತಿರುಗುತ್ತದೆ ಅನ್ನುತ್ತೇವೆ. ನಿಜವಾಗಿ ಅದು ತಿರುಗಲು ತೆಗೆದುಕೊಳ್ಳುವುದು 23 ಗಂಟೆ 56 ನಿಮಿಷ 4 ಸೆಕೆಂಡ್. ಇದನ್ನು ಮನೆಯಿಂದಲೇ ನೋಡಬಹುದು. ಎದುರು ಕಟ್ಟಡದ ಅಂಚಿನಲ್ಲಿ ಮರೆಯಾಗುವ ಒಂದು ನಕ್ಷತ್ರವನ್ನು ಗುರುತಿಟ್ಟುಕೊಳ್ಳಿ. ನಿಂತ ಜಾಗ ಬದಲಾಗಬಾರದು. ಇವತ್ತು 9 ಗಂಟೆಗೆ ಮರೆಯಾದದ್ದು ನಾಳೆ 8:56ಕ್ಕೇ ಮರೆಯಾಗುತ್ತದೆ. ಒಂದು ತಿಂಗಳಿಗೆ ಎರಡು ಗಂಟೆಯಷ್ಟು ಮುಂಚೆ.

ಹಾಗಾದರೆ ಉಳಿದ ನಾಲ್ಕು ನಿಮಿಷ ಯಾವುದಕ್ಕೆ? ಗೋಡೆ ಗಡಿಯಾರ ನೋಡಿ. 12 ಗಂಟೆಗೆ ಎರಡೂ ಮುಳ್ಳು ಒಂದರ ಮೇಲೊಂದು ಇರುತ್ತವೆ. ನಿಮಿಷದ ಮುಳ್ಳು ಪೂರ್ತಿ ಸುತ್ತಿ 12ಕ್ಕೆ ಬರುವಷ್ಟರಲ್ಲಿ ಗಂಟೆಯ ಮುಳ್ಳು 1ಕ್ಕೆ ಸರಿದಿರುತ್ತದೆ. ಅದನ್ನು ಮುಟ್ಟಲು ಇನ್ನೂ ಐದು ನಿಮಿಷಕ್ಕಿಂತ ಸ್ವಲ್ಪ ಹೆಚ್ಚೇ ಓಡಬೇಕು. ಇಲ್ಲಿ 12ರ ಗುರುತು ನಕ್ಷತ್ರ, ಗಂಟೆಯ ಮುಳ್ಳು ಸೂರ್ಯ, ನಿಮಿಷದ ಮುಳ್ಳು ನಮ್ಮ ಊರು. ಭೂಮಿ ಸೂರ್ಯನನ್ನು ಸುತ್ತುತ್ತಿರುವುದರಿಂದ ನಮಗೆ ಕಾಣುವ ಸೂರ್ಯ ದಿನಕ್ಕೆ ಸುಮಾರು ಒಂದು ಡಿಗ್ರಿ ಪೂರ್ವಕ್ಕೆ ಸರಿಯುತ್ತಾನೆ. ಅಷ್ಟು ಹೆಚ್ಚುವರಿ ತಿರುಗಲು ಭೂಮಿಗೆ ನಾಲ್ಕು ನಿಮಿಷ ಬೇಕು. 12 ಗಂಟೆಯಲ್ಲಿ ನಿಮಿಷದ ಮುಳ್ಳು 12 ಸುತ್ತು ಹಾಕಿದರೂ ಗಂಟೆಯ ಮುಳ್ಳನ್ನು 11 ಸಲ ಮಾತ್ರ ದಾಟುತ್ತದೆ. ಹಾಗೆಯೇ ವರ್ಷಕ್ಕೆ ಭೂಮಿಯ ಸುತ್ತು 366, ನಾವು ಎಣಿಸುವ ದಿನ 365.

ಗಂಟೆಯ ಮುಳ್ಳು ಒಂದೇ ಸಮ ನಡೆಯುತ್ತದೆ, ಸೂರ್ಯ ಹಾಗಲ್ಲ. ಸ್ವಾರಸ್ಯ ಇರುವುದೇ ಇಲ್ಲಿ. ಜನವರಿ ಮೊದಲ ವಾರದಲ್ಲಿ ಭೂಮಿ ಸೂರ್ಯನಿಗೆ ತೀರಾ ಹತ್ತಿರ ಬರುತ್ತದೆ, ವೇಗವಾಗಿ ಓಡುತ್ತದೆ. ಸೂರ್ಯ ಸರಿಯುವುದೂ ಜಾಸ್ತಿ. ಇದಕ್ಕಿಂತ ದೊಡ್ಡ ಕಾರಣ ಭೂಮಿಯ ಅಕ್ಷದ ಓರೆ. ಮಾರ್ಚ್ ಮತ್ತು ಸೆಪ್ಟೆಂಬರ್‌ನಲ್ಲಿ ಸೂರ್ಯನ ದಿನದ ನಡೆಯಲ್ಲಿ ಒಂದು ಪಾಲು ಉತ್ತರ-ದಕ್ಷಿಣವಾಗಿ ಹೋಗುತ್ತದೆ, ಪೂರ್ವಕ್ಕೆ ಸಿಗುವುದು ಕಡಿಮೆ. ಜೂನ್, ಡಿಸೆಂಬರ್‌ನಲ್ಲಿ ಪೂರ್ತಿ ನಡೆ ಪೂರ್ವಕ್ಕೇ. ಡಿಸೆಂಬರ್ ಕೊನೆಗೆ ಎರಡೂ ಕಾರಣ ಒಟ್ಟಾಗುತ್ತವೆ. ಸೂರ್ಯ ಆ ದಿನದ ಅತಿ ಎತ್ತರಕ್ಕೆ ಏರುವ ಹೊತ್ತೇ ನಡುಹಗಲು. ಒಂದು ನಡುಹಗಲಿನಿಂದ ಮರುದಿನದ ನಡುಹಗಲಿಗೆ ಆಗ 24 ಗಂಟೆ ಮತ್ತು ಸುಮಾರು 30 ಸೆಕೆಂಡ್. ಸೆಪ್ಟೆಂಬರ್ ಮಧ್ಯದಲ್ಲಿ 24 ಗಂಟೆಗೆ ಸುಮಾರು 20 ಸೆಕೆಂಡ್ ಕಡಿಮೆ.

ಮೂವತ್ತು ಸೆಕೆಂಡ್ ಏನು ಮಹಾ ಅನ್ನಬೇಡಿ. ಅದು ದಿನದಿನವೂ ಕೂಡುತ್ತಾ ಹೋಗುತ್ತದೆ. ಡಿಸೆಂಬರ್ 22ರಿಂದ ಜನವರಿ 18ರ ಹೊತ್ತಿಗೆ ಮುಂಬೈಯ ನಡುಹಗಲು 12:37ರಿಂದ 12:49ಕ್ಕೆ ಜಾರುತ್ತದೆ. ಅಷ್ಟರಲ್ಲಿ ಹಗಲು ಬೆಳೆದದ್ದು ಸುಮಾರು ಹತ್ತು ನಿಮಿಷ, ಅಂದರೆ ಬೆಳಿಗ್ಗೆ ಐದು, ಸಂಜೆ ಐದು. ಇಡೀ ಹಗಲು 12 ನಿಮಿಷ ಮುಂದಕ್ಕೆ ಸರಿದಾಗ ಬೆಳಿಗ್ಗೆಯ ಐದು ಸಾಲುವುದಿಲ್ಲ. ಏಳು ನಿಮಿಷ ತಡ ಉಳಿಯುತ್ತದೆ. ಸಂಜೆಗೆ ಮಾತ್ರ ಎರಡೂ ಕೂಡಿ 17 ನಿಮಿಷದ ಲಾಭ. ದೆಹಲಿ, ಲಂಡನ್‌ಗಳಲ್ಲಿ ಹಗಲು ಇನ್ನೂ ಬೇಗ ಬೆಳೆಯುವುದರಿಂದ ಈ ತಡ ಅಲ್ಲಿ ಕಡಿಮೆ.

ನಡುಹಗಲು 12 ಗಂಟೆಗೇ ಅಲ್ವಾ ಅಂತ ಕೇಳುತ್ತೀರಿ. ನಮ್ಮ ಗಡಿಯಾರ ನಡೆಯುವುದು ಮಿರ್ಜಾಪುರದ ಹತ್ತಿರ ಹಾಯುವ 82.5 ಡಿಗ್ರಿ ರೇಖಾಂಶದ ಲೆಕ್ಕದಲ್ಲಿ. ಮುಂಬೈ ಅದಕ್ಕಿಂತ ಸುಮಾರು ಒಂಬತ್ತೂವರೆ ಡಿಗ್ರಿಗೂ ಹೆಚ್ಚು ಪಶ್ಚಿಮಕ್ಕಿದೆ. ಡಿಗ್ರಿಗೆ ನಾಲ್ಕು ನಿಮಿಷದಂತೆ 39 ನಿಮಿಷ ತಡ. ಈ ನಗರ 1955ರವರೆಗೂ ತನ್ನದೇ ಬಾಂಬೆ ಟೈಮ್ ಇಟ್ಟುಕೊಂಡಿತ್ತು, ಅದರ ವ್ಯತ್ಯಾಸವೂ ಇದೇ 39. ಅಭಿಜಿನ್ ಮುಹೂರ್ತ ಅಂದರೆ ಗಡಿಯಾರದ 11:36ರಿಂದ 12:24 ಅಂತ ಕಣ್ಣುಮುಚ್ಚಿ ಹಿಡಿಯುವವರನ್ನು ನೋಡಿದರೆ ಬೇಸರವಾಗುತ್ತದೆ. ನಡುಹಗಲಿನ ಆಚೀಚೆಯ 24 ನಿಮಿಷ ಅದು. ಫೆಬ್ರವರಿಯ ಮುಂಬೈಯಲ್ಲಿ ಅವರ ಮುಹೂರ್ತ ಮುಗಿದ ಮೇಲೂ ನಿಜವಾದದ್ದು ಶುರುವಾಗಿರುವುದಿಲ್ಲ.

ನಂಬಿಕೆ ಬೇಡ, ಕೋಲು ನೆಡಿ. ಟೆರೇಸಿನಲ್ಲಿ ನೆಟ್ಟಗೆ ನಿಲ್ಲಿಸಿ, ಸುತ್ತ ಒಂದು ವೃತ್ತ ಎಳೆಯಿರಿ. ನೆರಳಿನ ತುದಿ ಬೆಳಿಗ್ಗೆ ವೃತ್ತವನ್ನು ಮುಟ್ಟಿದ ಜಾಗ, ಮಧ್ಯಾಹ್ನ ಮುಟ್ಟಿದ ಜಾಗ, ಎರಡರ ಮಧ್ಯಬಿಂದುವಿನಿಂದ ಕೋಲಿಗೆ ಎಳೆದ ಗೆರೆಯೇ ಉತ್ತರ-ದಕ್ಷಿಣ. ದಿಕ್ಸೂಚಿ ಬೇಡ, ಸ್ಲ್ಯಾಬಿನೊಳಗಿನ ಕಬ್ಬಿಣ ಅದನ್ನು ಎಳೆಯುತ್ತದೆ. ನೆರಳು ಆ ಗೆರೆಯ ಮೇಲೆ ಬಿದ್ದ ಹೊತ್ತೇ ನಡುಹಗಲು. ಸೂರ್ಯ ಅರ್ಧ ಡಿಗ್ರಿ ಅಗಲ ಇರುವುದರಿಂದ ನೆರಳಿನ ಅಂಚು ಮಸುಕು. ಒಂದು ನಿಮಿಷ ಆಚೀಚೆ ಆಗುತ್ತದೆ, ಹಾಗಾಗಿ ಒಂದು ದಿನದ ವ್ಯತ್ಯಾಸ ಕಾಣುವುದಿಲ್ಲ. ಡಿಸೆಂಬರ್ ಕೊನೆಯಲ್ಲಿ ಹತ್ತು ದಿನ ಬಿಟ್ಟು ನೋಡಿದರೆ ಐದು ನಿಮಿಷ ಸ್ಪಷ್ಟವಾಗಿ ಸಿಗುತ್ತದೆ. ಇದೇ ಗೆರೆಯನ್ನು ನೆರಳು ನವೆಂಬರ್ 3ರಂದು 12:22ಕ್ಕೆ ಮುಟ್ಟುತ್ತದೆ, ಫೆಬ್ರವರಿ 11ರಂದು 12:53ಕ್ಕೆ.